ಕಾಗದದ ಮೇಲಿನ ‘ನಾರ್ಮಲ್’

ಜಯನಗರದ ನಮ್ಮ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರಾದ ನನಗೆ ಸಿಡುಕಿ ಎಂಬ ಹೆಸರಿದೆ. ನನ್ನೆದುರು ಯಾರೂ ಹೇಳುವುದಿಲ್ಲ, ಹೇಳಿದರೂ ಅಡ್ಡಿಯಿಲ್ಲ. ಆ ಹೆಸರು ಬರಲು ಮುಖ್ಯ ಕಾರಣ ಇಸಿಜಿ ಕಾಗದ. ಎದೆಬಡಿತದ ಗೆರೆಗಳನ್ನು ಬರೆದುಕೊಡುವ ಯಂತ್ರ ಅಲ್ಲಿಗೇ ಸುಮ್ಮನಿರುವುದಿಲ್ಲ. ಕಾಗದದ ತಲೆಯ ಮೇಲೆ ತನ್ನ ಅಭಿಪ್ರಾಯವನ್ನೂ ಅಚ್ಚು ಹಾಕುತ್ತದೆ. ನಾನು ಆ ಅಂಚನ್ನು ಹಿಂದಕ್ಕೆ ಮಡಿಸಿಯೇ ಗೆರೆ ನೋಡುವುದು. ನೋಡಿ ಮುಗಿದ ಮೇಲೆ ಬಿಡಿಸಿ ಅದು ಏನು ಹೇಳುತ್ತದೆಂದು ಓದುತ್ತೇನೆ. ಕಿರಿಯ ಡಾಕ್ಟರುಗಳಿಗೆ ಇದು ಹಳೆಯ ಕಾಲದವಳ ಮಡಿಯಂತೆ ಕಾಣುತ್ತಿತ್ತು.

ಆ ದಿನ ಬೆಳಿಗ್ಗೆ ಎಮರ್ಜೆನ್ಸಿಯಲ್ಲಿ ಡ್ಯೂಟಿಗಿದ್ದ ಡಾಕ್ಟರ್ ಹುಡುಗಿ ಬುದ್ಧಿವಂತೆ, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ನಾನು ವಾರ್ಡಿಗೆ ಹೊರಟವಳು ಅಲ್ಲಿ ಹಾದುಹೋಗುವಾಗ ಅವಳು ಒಬ್ಬರಿಗೆ ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಡುತ್ತಿದ್ದಳು. ಜರಗನಹಳ್ಳಿಯ ಬಾಡಿಗೆ ಮನೆಗಳ ಮಾಲೀಕರು, ಅರವತ್ತರ ಆಸುಪಾಸು. ಫ್ಯಾನಿನ ಕೆಳಗೆ ಕುಳಿತಿದ್ದರೂ ಅವರ ಅಂಗಿಯ ಕಾಲರು ಒದ್ದೆಯಾಗಿತ್ತು. ಅದು ನನಗೆ ಹಿಡಿಸಲಿಲ್ಲ.

“ಏನಂತೆ ಇವರಿಗೆ?” ಎಂದೆ.

“ಹೊಟ್ಟೆ ಮೇಲ್ಗಡೆ ಉರಿ ಮೇಡಂ, ಬೆವರು, ಎಡ ದವಡೆ ನೋವು. ಮೊದ್ಲು ಹಾರ್ಟೇ ಅಂದ್ಕೊಂಡೆ. ಆದ್ರೆ ಇಸಿಜಿ ನಾರ್ಮಲ್.”

“ನಾರ್ಮಲ್ ಅಂತ ಹೇಳಿದ್ದು ಯಾರು?”

ಅವಳು ಕಾಗದ ತೋರಿಸಿದಳು. ನನಗೆ ಕೋಪ ನೆತ್ತಿಗೇರಿತು. ರೋಗಿಯ ಮುಖ ನೋಡಿದವಳು ಇವಳು, ದವಡೆಯ ನೋವು ಕೇಳಿ ತಿಳಿದವಳು ಇವಳು. ಅವರ ಬೆವರನ್ನು ಆ ಪೆಟ್ಟಿಗೆ ಕಂಡಿರಲಿಲ್ಲ. ಆದರೂ ಅದು ಒಂದು ಪದ ಅಚ್ಚು ಹಾಕಿದ್ದೇ ತಡ, ಇವಳು ತನ್ನ ಅನುಮಾನವನ್ನು ತಾನೇ ಹಿಂದಕ್ಕೆ ತೆಗೆದುಕೊಂಡಿದ್ದಳು. ಯಂತ್ರ ಸದಾ ತಪ್ಪುತ್ತಿದ್ದರೆ ಈ ಕಾಟವೇ ಇರುತ್ತಿರಲಿಲ್ಲ, ಯಾರೂ ನಂಬುತ್ತಿರಲಿಲ್ಲ. ಹೆಚ್ಚಿನ ಸಲ ಸರಿ ಹೇಳುವುದರಿಂದಲೇ ಅದರ ಮಾತಿಗೆ ಎದುರಾಡುವ ಅಭ್ಯಾಸ ತಪ್ಪಿಹೋಗುತ್ತದೆ.

ಕಾಗದದ ಅಂಚು ಮಡಿಸಿ ಅವಳ ಕೈಗೇ ಕೊಟ್ಟೆ. “ಈಗ ನೀನು ಓದು.”

ಅವಳು ಬಾಯಿಬಿಟ್ಟು ಓದುತ್ತಾ ಹೋದಳು. ಹೃದಯದ ಕೆಳಭಾಗವನ್ನು ತೋರಿಸುವ ಗೆರೆಗಳ ಹತ್ತಿರ ತಡವರಿಸಿದಳು. “ಇಲ್ಲಿ ಸ್ವಲ್ಪವೇ ಸ್ವಲ್ಪ ಎದ್ದಿದೆ ಮೇಡಂ. ಅದಕ್ಕೆ ಎದುರಿನ ಗೆರೆ ಇಲ್ಲಿ ಕೆಳಕ್ಕೆ ಬಾಗಿದೆ…” ಅವಳು ಕಾಗದದಿಂದ ತಲೆಯೆತ್ತಿದಳು. “ಇದು ಈಗ ಶುರುವಾಗ್ತಿದೆ.”

“ಹಾಗಾದ್ರೆ ಅವರಿಗೆ ಹೇಳು.”

ಅಷ್ಟರಲ್ಲಿ ಅವರು ಚೀಟಿ ಮಡಿಚಿ ಎದ್ದು ನಿಂತಿದ್ದರು. ಅಂದು ಅವರ ಹೊಸ ಕಟ್ಟಡದ ತಾರಸಿಗೆ ಮೋಲ್ಡ್ ಹಾಕುವ ದಿನ. “ಕಾಂಕ್ರೀಟ್ ಲಾರಿ ಬಂದು ನಿಂತಿರುತ್ತೆ, ಬರ್ತೀನಮ್ಮ,” ಎಂದರು.

“ಅಂಕಲ್, ನೀವು ಹೋಗೋ ಹಾಗಿಲ್ಲ. ನಿಮಗೆ ಹಾರ್ಟ್ ಅಟ್ಯಾಕ್ ಶುರುವಾಗಿರೋ ಹಾಗಿದೆ.”

ಅವರಿಗೆ ಸಿಟ್ಟೇ ಬಂತು. “ಅಲ್ಲಮ್ಮ, ಈಗ ತಾನೇ ನಾರ್ಮಲ್ ಅಂದ್ರಿ. ನಾನೂ ಓದಿದೀನಿ, ಅದರಲ್ಲೇ ಪ್ರಿಂಟ್ ಆಗಿದೆ. ಅಷ್ಟು ದೊಡ್ಡ ಮಿಷನ್‌ಗಿಂತ ನಿಮಗೆ ಜಾಸ್ತಿ ಗೊತ್ತಾ?”

ನಾನು ಬಾಯಿ ಹಾಕಬಹುದಿತ್ತು. ನರೆತ ಕೂದಲಿನ ನನ್ನ ಮಾತನ್ನು ಅವರು ಕೇಳುತ್ತಿದ್ದರೋ ಏನೋ. ಆದರೆ ಹಾಗೆ ಮಾಡಿದ್ದರೆ ಅವಳು ಯಂತ್ರವನ್ನು ಬಿಟ್ಟು ನನ್ನನ್ನು ನಂಬಲು ಕಲಿಯುತ್ತಿದ್ದಳು, ಅಷ್ಟೆ. ಅವರು ಬಾಗಿಲು ದಾಟಲು ಹೊರಟಿದ್ದರೆ ಅಡ್ಡ ನಿಲ್ಲಲು ನಾನಿದ್ದೆ. ತುಟಿ ಕಚ್ಚಿಕೊಂಡು ನಿಂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ನೆನಪಿಲ್ಲ.

ಅವಳು ಅವರೆದುರು ಹೋಗಿ ನಿಂತಳು. “ಮಿಷನ್‌ಗೆ ಗೆರೆ ಮಾತ್ರ ಗೊತ್ತು ಅಂಕಲ್. ನಿಮ್ಮ ದವಡೆ ನೋವು ಗೊತ್ತಿಲ್ಲ. ಅದು ಹೇಳಿದ್ದನ್ನ ನೋಡಿ ನಾನು ನಿಮಗೆ ತಪ್ಪು ಹೇಳ್ಬಿಟ್ಟೆ. ಈಗ ಹೇಳ್ತಿರೋದು ನಾನು. ನಂದು ತಪ್ಪಾದ್ರೆ ನಾಳೆ ಬಂದು ನನಗೆ ಬೈಯಿರಿ. ಅದರ ಮಾತು ತಪ್ಪಾದ್ರೆ ಯಾರಿಗೆ ಬೈತೀರಾ?”

ಅವರು ಫೋನ್ ತೆಗೆದು ಮೇಸ್ತ್ರಿಗೆ, “ನೀವೇ ನಿಂತು ಹಾಕಿಸಿಬಿಡಿ,” ಎಂದು ಹೇಳಿ ಮಂಚದ ಮೇಲೆ ಮಲಗಿದರು.

ಅವಳು ಆಸ್ಪಿರಿನ್ ಅಗಿಸಿದಳು, ರಕ್ತ ಪರೀಕ್ಷೆಗೆ ಕಳಿಸಿದಳು, ಹೃದಯದ ರಕ್ತನಾಳದ ಅಡ್ಡಿ ತೆರೆಯುವ ಮೇಲಿನ ಮಹಡಿಯ ಕ್ಯಾಥ್ ಲ್ಯಾಬಿಗೆ ತಾನೇ ಫೋನ್ ಮಾಡಿ ಹೃದ್ರೋಗ ತಜ್ಞರನ್ನು ಕರೆಸಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಸಿಜಿ ತೆಗೆದಾಗ ಗೆರೆಗಳು ಎದ್ದು ನಿಂತಿದ್ದವು. ಈ ಸಲ ಯಂತ್ರವೂ ಹಾರ್ಟ್ ಅಟ್ಯಾಕ್ ಎಂದೇ ಅಚ್ಚು ಹಾಕಿತ್ತು.

ಮಲಗಿದ್ದವರು ಕತ್ತೆತ್ತಿ ಕೇಳಿದರು: “ಈಗ ಮಿಷನ್ನೂ ಒಪ್ಕೊಂತಾ?”

“ಒಪ್ಕೊಂತು ಅಂಕಲ್,” ಎಂದಳು ಅವಳು, ಸ್ಟ್ರೆಚರನ್ನು ಲಿಫ್ಟಿನ ಕಡೆಗೆ ತಳ್ಳುತ್ತಾ. “ಒಪ್ಪದೇ ಇದ್ದಿದ್ರೂ ಕರ್ಕೊಂಡ್ ಹೋಗ್ತಿದ್ದೆ.”