ಬೀಗತಿಯನ್ನು ಕರೆದುಕೊಂಡು ಬಂಗಾರದ ಅಂಗಡಿಗೆ

ನಮ್ಮ ವಿರೂಪಮ್ಮತ್ತೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿದು ಮಗಳ ಮದುವೆಗೆ ಬಂಗಾರದ ಬಳೆ ಕೊಡಿಸಿದವಳು. ಯಾರಿಗೂ ಜಗ್ಗುವ ಹೆಂಗಸಲ್ಲ. ಆದರೆ ಕುರುಗೋಡಿನ ಬೀಗತಿ ಮಂಜಮ್ಮ ಆ ಬಳೆಯನ್ನು ಒತ್ತೆ ಇಡಲು ಹೋಗಿ, ಬಿಲ್ಲಿನಲ್ಲಿರುವಷ್ಟು ಶುದ್ಧ ಬಂಗಾರವಲ್ಲ ಎನ್ನಿಸಿಕೊಂಡು ಬಂದ ದಿನ ಅತ್ತೆ ಊಟ ಬಿಟ್ಟಳು. "ಖೋಟಾ ಬಳಿ ಹಾಕಿ ಮಗಳನ್ನ ಸಾಗಹಾಕ್ಯಾಳ" ಎಂದು ಮಂಜಮ್ಮ ಓಣಿಗೆಲ್ಲ ಸಾರಿದ್ದಳು. ಮಗಳು ಫೋನಿನಲ್ಲಿ ಅಳುತ್ತಿದ್ದಳು. ನನಗೆ ಮೈ ಉರಿದುಹೋಯಿತು.

ಅತ್ತೆ ಬಳೆಯನ್ನು ತರಿಸಿಕೊಂಡು, ನನ್ನನ್ನು ಜೊತೆಗೆ ಹೊರಡಿಸಿ ಹಾಲ್‌ಮಾರ್ಕ್ ಪರೀಕ್ಷಾ ಕೇಂದ್ರಕ್ಕೆ ಹೋದಳು. ಬಿಲ್ಲಿನಲ್ಲಿ ಇಪ್ಪತ್ತೆರಡು ಕ್ಯಾರೆಟ್, ವರದಿಯಲ್ಲಿ ಹದಿನೆಂಟು. ಬಳೆಯ ಮೇಲಿನ ಹಾಲ್‌ಮಾರ್ಕ್ ನಂಬರನ್ನು ಸರ್ಕಾರದ ಬಿಐಎಸ್ ಆ್ಯಪಿನಲ್ಲಿ ಹಾಕಿ ನೋಡಲು ಅಲ್ಲಿಯವರೇ ಹೇಳಿದರು. ನಂಬರು ಅಸಲಿಯೇ. ಆದರೆ ಒಡವೆ ಯಾವುದೆಂಬಲ್ಲಿ 'ಉಂಗುರ' ಎಂದಿತ್ತು.

ಬಳೆ ಕೊಂಡಿದ್ದ ಬಳ್ಳಾರಿಯ ಅಂಗಡಿಗೆ ಹೋಗುವಾಗ ಅತ್ತೆ ಬೀಗತಿಯನ್ನೂ ಕರೆಸಿದಳು. ಮಂಜಮ್ಮ ಮುಖ ಗಂಟಿಕ್ಕಿಕೊಂಡೇ ಬಂದಳು.

ಮಾಲೀಕ ವರದಿ ನೋಡಿ ನಕ್ಕ. "ಹೊಸ ಬಳಿ ತಗೊಂಡು ಹೋಗ್ರಿ. ಹಳೇದಕ್ಕ ಪೂರಾ ಬೆಲಿ ಹಿಡೀತೀನಿ."

"ತಪ್ಪು ಅಂಗಡೀದು ಅಂತ ಬರದು ಕೊಡ್ರಿ, ಆಮ್ಯಾಲ ತಗೊಂತೀನಿ" ಎಂದಳು ಅತ್ತೆ. ಸುಮ್ಮನೆ ಹೊಸದು ಒಯ್ದರೆ, ಸಿಕ್ಕಿಬಿದ್ದ ಮೇಲೆ ಬಳೆ ಬದಲಿಸಿ ಕೊಟ್ಟಳು ಎಂದು ಓಣಿ ಆಡಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು.

ಮಾಲೀಕನ ನಗು ಹೋಯಿತು. "ಹೆಂಗ ಬರೀಲಿ? ಬಳಿ ಇಷ್ಟು ದಿನ ಬೀಗರ ಮನ್ಯಾಗಿತ್ತು. ಅಲ್ಲಿ ಯಾರು ಬದಲ್ ಮಾಡಿದ್ರೋ ಏನೋ."

ಮಂಜಮ್ಮನ ಮುಖ ಬಿಳಿಚಿಕೊಂಡಿತು. ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ಅತ್ತೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು, ಅಪವಾದ ಮಂಜಮ್ಮನ ತಲೆಗೇ ಅಂಟುತ್ತಿತ್ತು.

ಅವಳು ಕೂರಲಿಲ್ಲ. "ನಮ್ಮ ಬೀಗತಿ ಬಾಯಿ ಜೋರು ಐತಿ, ಖರೆ. ಕಳ್ಳತನ ಮಾಡೋ ಮನಿ ಅಲ್ರಿ ಅದು." ಬಿಲ್ಲನ್ನು ಅವನ ಮುಂದೆ ಸರಿಸಿದಳು. "ಇದ ನಂಬರ್ ಬಳೀದು ಅಂತ ಬಿಲ್ಲಿನ್ಯಾಗ ನೀವ ಬರದೀರಿ. ಆ್ಯಪಿನ್ಯಾಗ ಇದು ಉಂಗುರ. ಬದಲ್ ಮಾಡಿದವ್ರು ಯಾರು?"

ಅವನು ಬಳೆಯತ್ತ ಕೈ ಚಾಚಿದ. "ಕೊಡ್ರಿ, ಕರಗಿಸಿ ನೋಡಿಬಿಡೋಣು."

ಕರಗಿದರೆ ಸಾಕ್ಷಿಯೇ ಇಲ್ಲ. ಅಷ್ಟರಲ್ಲಿ ಮಂಜಮ್ಮ ಬಳೆಯನ್ನು ಬಾಚಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು.

ಹಣ ವಾಪಸು ಕೊಡಿಸಬೇಕೆಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸಲು ವಕೀಲ ರಾಘಣ್ಣನವರ ಬಳಿ ಹೋದೆವು. ಬಳೆ ತನ್ನ ಮನೆಯಲ್ಲಿ ಬದಲಾಗಿಲ್ಲವೆಂದು ಮಂಜಮ್ಮ ಪ್ರಮಾಣಪತ್ರ ಕೊಡಬೇಕಿತ್ತು. ಹೇಳಿದಳು, ಅವರು ಬರೆದುಕೊಂಡರು.

"ಇನ್ನೊಂದು ಬರೀರಿ" ಎಂದಳು. "ವಿರೂಪಮ್ಮ ಖೋಟಾ ಕೊಟ್ಟಾಳ ಅಂತ ನಾನು ಓಣ್ಯಾಗ ಅಂದಿದ್ದು ಸುಳ್ಳು."

"ಅದು ಕೇಸಿಗೆ ಬೇಕಾಗಿಲ್ಲಮ್ಮ" ಎಂದರು ರಾಘಣ್ಣ.

"ಕೇಸಿಗೆ ಬ್ಯಾಡಾದ್ರ ಬ್ಯಾಡ್ರಿ. ಬ್ಯಾರೆ ಹಾಳಿ ಮ್ಯಾಲ ಬರೀರಿ, ಸೈ ಹಾಕಿ ಓಣಿಗೆ ಒಯ್ತೀನಿ."