ಇಲ್ಲದ ರಿಲೇಗೆ ಬಿದ್ದ ಸರಿ ಗುರುತು

ಲೈನ್‌ಮನ್ ಉದ್ದಣ್ಣ ಇಪ್ಪತ್ತಾರು ವರ್ಷದಲ್ಲಿ ಹತ್ತಿಳಿದ ಕಂಬಗಳಿಗೆ ಲೆಕ್ಕವಿರಲಿಲ್ಲ. ಆಳು ಆರಡಿ ಮೂರಂಗುಲ. ಹೆಸರು ಹಾಗೆ ಬಂದದ್ದು. ಕೆಲಸದಲ್ಲಿ ಗಟ್ಟಿಗ, ಕಾಗದ ಕಂಡರೆ ಮಾತ್ರ ಮೈ ಉರಿ. ತಿಂಗಳ ಟ್ರಾನ್ಸ್‌ಫಾರ್ಮರ್ ತಪಾಸಣೆಯ ಫಾರಂ ಬಂದರೆ ಚಹಾದಂಗಡಿಯಲ್ಲಿ ಕೂತು, ಮೇಲಿನಿಂದ ಕೆಳಗಿನವರೆಗೆ ಸರಸರನೆ ಸರಿ ಗುರುತು ಎಳೆದು ಒಗೆಯುತ್ತಿದ್ದ.

ಹೊಸದಾಗಿ ಬಂದ ಇಂಜಿನಿಯರ್ ಮೇಡಂ ಒಂದು ಬೆಳಿಗ್ಗೆ ಅವನನ್ನು ಕರೆಸಿದರು.

"ಹಿಟ್ಟಿನ ಗಿರಣಿ ಹತ್ರದ ಟ್ರಾನ್ಸ್‌ಫಾರ್ಮರ್‌ನಲ್ಲಿ ಬುಕೋಲ್ಜ್ ರಿಲೇ ಚೆನ್ನಾಗಿದೆ ಅಂತ ಬರ್ದಿದೀರಲ್ಲ, ಎಲ್ಲಿದೆ ಅದು? ಬನ್ನಿ, ತೋರಿಸಿ."

ಉದ್ದಣ್ಣ ತಲೆ ಕೆರೆದುಕೊಂಡ. ಒಳಗೆ ದೋಷವಾದರೆ ಎಚ್ಚರಿಸುವ ಆ ರಿಲೇ ಇರುವುದು ಸಬ್‌ಸ್ಟೇಷನ್ನಿನ ದೊಡ್ಡ ಯಂತ್ರಗಳಲ್ಲಿ. ಕಂಬದ ಮೇಲಿನ ನೂರು ಕೆವಿಎ ಪೆಟ್ಟಿಗೆಗೆ ಅದೆಲ್ಲಿಂದ ಬರಬೇಕು?

"ಮೇಡಂ, ಫಾರಂನಲ್ಲಿತ್ತು... ಹಾಕ್ಬಿಟ್ಟೆ."

ಮೇಡಂ ಬೈಯಲಿಲ್ಲ, ನಕ್ಕರು. ಅದೇ ಅವನಿಗೆ ಹೆಚ್ಚು ಉರಿಯಿತು. "ದೊಡ್ಡ ಯಂತ್ರದ ಫಾರಮ್ಮನ್ನೇ ಚಿಕ್ಕದಕ್ಕೂ ಹಚ್ಚಿದ್ದು ಆಫೀಸಿನ ತಪ್ಪು. ನಿಮ್ಮ ತಂಡಕ್ಕೆ ಬೇಕಾದ ಪಟ್ಟೀನ ನೀವೇ ಬರ್ಕೊಡಿ. ಸೋಮವಾರದೊಳಗೆ."

ಭಾನುವಾರ ಇಡೀ ಮಧ್ಯಾಹ್ನ ಹೋಯಿತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ, ಇವನು ಬಟ್ಟೆ ಕತ್ತರಿಸುವ ಮೇಜಿನ ಮುಂದೆ. 'ಎಣ್ಣೆ ಸರಿ ಇದೆಯೇ? ಬ್ರೀದರ್ ಸರಿ ಇದೆಯೇ? ಅರ್ಥಿಂಗ್ ಸರಿ ಇದೆಯೇ?' ಎಂದು ಬರೆದು ಓದಿ ತೋರಿಸಿದ.

"ಅಲ್ಲಾ ರೀ, ನಾನು ಅಳತೆ ತಗೊಳ್ಳೋವಾಗ 'ಸೊಂಟ ಸರಿ ಇದೆಯಾ' ಅಂತ ಕೇಳಿದ್ರೆ ರವಿಕೆ ಆಗತ್ತಾ? ಎಷ್ಟಿಂಚು ಅಂತ ಕೇಳ್ಬೇಕು."

ಉದ್ದಣ್ಣ ಪೆನ್ನು ಕಚ್ಚಿದ. ಹಾಳೆ ಹರಿದ. ಹೊಸದರಲ್ಲಿ ಎಲ್ಲ ಬೇರೆಯಾಯಿತು. ಎಣ್ಣೆ ಗೇಜಿನಲ್ಲಿ ಎಲ್ಲಿಯವರೆಗಿದೆ? ಸೋರಿದ ಗುರುತು ಎಲ್ಲಿ? ಒಳಗೆ ಗಾಳಿ ಎಳೆಯುವ ಬ್ರೀದರಿನೊಳಗಿನ ಹರಳಿನ ಬಣ್ಣ ಯಾವುದು, ನೀಲಿಯೋ ಗುಲಾಬಿಯೋ? ಗುಲಾಬಿಯಾದರೆ ತೇವ ಕುಡಿದಿದೆ, ಬದಲಿಸು. ತಂತಿ ಹೊರಬರುವ ಬುಷಿಂಗ್ ಪಿಂಗಾಣಿಯಲ್ಲಿ ಬಿರುಕು, ಸುಟ್ಟ ಕಲೆ ಉಂಟೇ? ಒಂದೊಂದು ಫೇಸಿನಲ್ಲೂ ಎಷ್ಟು ಆಂಪ್ಸ್, ನ್ಯೂಟ್ರಲ್‌ನಲ್ಲಿ ಎಷ್ಟು? ತುದಿಗೆ ದಪ್ಪಕ್ಷರದಲ್ಲಿ: ಕರೆಂಟ್ ಕಡಿದು ಕೆಲಸ ಮಾಡುವ ಅನುಮತಿ, ಅಂದರೆ ಲೈನ್ ಕ್ಲಿಯರ್, ಸಿಗದೆ ಕಂಬ ಹತ್ತಬೇಡ, ನೆಲದಿಂದಲೇ ನೋಡು.

ಮಂಗಳವಾರ ಅದೇ ಗಿರಣಿಯ ಬಳಿ ಮೊದಲ ಪ್ರಯೋಗ. ಜೊತೆಗಿದ್ದ, ಎಲ್ಲರೂ 'ಗಡಿಬಿಡಿ' ಎಂದೇ ಕರೆಯುವ ಲೈನ್‌ಮನ್ ಗೊಣಗಿದ: "ಅಣ್ಣ, ಇದೇನು ಪರೀಕ್ಷೆ ಪೇಪರ‍್ರಾ?"

"ಬರ್ಕೋ ಸುಮ್ನೆ."

ಉದ್ದಣ್ಣ ಕಂಬದ ಬುಡದ ಪೆಟ್ಟಿಗೆ ತೆರೆದು, ಕೈಗವಸು ಹಾಕಿ, ಆಂಪ್ಸ್ ಅಳೆಯುವ ಇಕ್ಕಳದಂಥ ಟಾಂಗ್ ಟೆಸ್ಟರನ್ನು ಒಂದೊಂದೇ ಕೇಬಲಿಗೆ ತೊಡಿಸಿದ. ನೂರಿಪ್ಪತ್ತೆಂಟು. ಐವತ್ತೆರಡು. ಎಪ್ಪತ್ತನಾಲ್ಕು. ನ್ಯೂಟ್ರಲ್‌ನಲ್ಲಿ ಅರವತ್ತೆಂಟು.

"ಅಯ್ಯೋ, ಅಷ್ಟೊಂದಾ?" ಎಂದ ಗಡಿಬಿಡಿ.

ಕರೆಂಟ್ ಮರಳುವ ಈ ನ್ಯೂಟ್ರಲ್ ತಂತಿಯ ಲೆಕ್ಕವನ್ನು ಹಳೆಯ ಫಾರಂ ಕೇಳುತ್ತಲೇ ಇರಲಿಲ್ಲ. ಮೂರು ಫೇಸುಗಳ ಭಾರ ಸಮನಾಗಿದ್ದರೆ ಅದರಲ್ಲಿ ಹರಿಯುವುದು ಅಲ್ಪಸ್ವಲ್ಪ; ಇಲ್ಲಿ ಹೆಚ್ಚಿನ ಮನೆಗಳು ಒಂದೇ ಫೇಸಿಗೆ ಜೋತುಬಿದ್ದಿದ್ದವು. ಉದ್ದಣ್ಣ ದುರ್ಬೀನು ಎತ್ತಿ ಮೇಲಿನ ನ್ಯೂಟ್ರಲ್ ಬುಷಿಂಗ್ ನೋಡಿದ. ತಂತಿಯ ತುದಿ ಹಿಡಿಯುವ ಉಳಿದ ಮೂರು ಲಗ್ಗುಗಳು ಬೂದು, ಇದೊಂದು ಕಾಡಿಗೆ ಕಪ್ಪು.

ಸಬ್‌ಸ್ಟೇಷನ್ನಿಗೆ ಫೋನು ಹೋಯಿತು, ಲೈನ್ ಕ್ಲಿಯರ್ ಸಿಕ್ಕಿತು. ಮೊದಲು ಕೆಳಗಿನ ಸ್ವಿಚ್, ಆಮೇಲೆ ಮೇಲಿನ ಎಬಿ ಸ್ವಿಚ್ ತೆರೆದು ಬೀಗ ಹಾಕಿದರು. ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಎರಡೂ ಬದಿಗೆ ಅರ್ಥ್ ರಾಡ್ ತಗುಲಿಸಿದ ಮೇಲೆಯೇ ಉದ್ದಣ್ಣ ಬೆಲ್ಟ್ ಬಿಗಿದು ಹತ್ತಿದ. ನಟ್ಟಿಗೆ ಸ್ಪ್ಯಾನರೇ ಬೇಕಾಗಲಿಲ್ಲ, ಎರಡು ಬೆರಳಿಗೆ ತಿರುಗಿತು.

ಅವನು ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಇದು ಕಳಚಿದ್ದರೆ ಇನ್ನೂರಮೂವತ್ತು ವೋಲ್ಟಿನ ಮನೆಗಳಿಗೆ ನಾನೂರರ ಹತ್ತಿರ ನುಗ್ಗುತ್ತಿತ್ತು. ಫ್ಯಾನು, ಟಿವಿ, ಎದುರಿನ ಕ್ಲಿನಿಕ್ಕಿನ ಫ್ರಿಜ್ಜು, ಎಲ್ಲ ಬೂದಿ. ಕಳೆದ ಮೂರು ತಿಂಗಳೂ ಇದಕ್ಕೆ 'ಸರಿ' ಎಂದವನು ತಾನೇ.

"ಏನಣ್ಣ, ಅಲ್ಲೇ ನಿದ್ದೆ ಬಂತಾ?" ಗಡಿಬಿಡಿ ಕೂಗಿದ.

"ಹೊಸ ಲಗ್ ಕಳ್ಸೋ!"

ಹಗ್ಗದಲ್ಲಿ ಲಗ್ ಮೇಲೇರಿತು. ತಂತಿ ಉಜ್ಜಿ, ಲಗ್ ಒತ್ತಿ, ನಟ್ ಬಿಗಿದ. ಮರುದಿನ ಹದಿನೇಳು ಮನೆಗಳನ್ನು ಭಾರ ಕಡಿಮೆಯಿದ್ದ ಫೇಸಿಗೆ ಬದಲಿಸಿದರು. ನ್ಯೂಟ್ರಲ್ ಹನ್ನೊಂದಕ್ಕಿಳಿಯಿತು.

ಸಂಜೆ ಮೇಡಂ ಎದುರು ನಿಂತು, ಕೇಳುವ ಮೊದಲೇ ಹೇಳಿದ: "ಹಳೇ ಮೂರೂ ಫಾರಂ ನಾನು ನೋಡದೇ ತುಂಬಿದ್ದು, ಮೇಡಂ. ಅದನ್ನೂ ಬರ‍್ಕೊಳ್ಳಿ."

ಅವರು ಬರೆದುಕೊಂಡರು. ಒಂದು ಎಚ್ಚರಿಕೆ ಪತ್ರವೂ ಬಂತು. ಅದರ ಬೆನ್ನಿಗೇ ಅವನ ಪಟ್ಟಿಯನ್ನು ಎಲ್ಲ ತಂಡಗಳಿಗೂ ಹಂಚುವ ಆದೇಶವೂ ಬಂತು. ಹೆಂಡತಿ ಎರಡನ್ನೂ ಓದಿಸಿ ಕೇಳಿ, "ಅಳತೆ ಪಾಠ ಹೇಳಿದೋಳ ಹೆಸರು ಎಲ್ಲೂ ಇಲ್ವಲ್ಲ!" ಎಂದು ಮೂಗು ಮುರಿದಳು.

ಮುಂದಿನ ತಿಂಗಳು ಪಟ್ಟಿಯ ಕೊನೆಗೆ ಉದ್ದಣ್ಣ ಒಂದು ಸಾಲು ಸೇರಿಸಿದ: 'ಇಲ್ಲಿ ಕೇಳದೇ ಇರುವುದು ಏನಾದರೂ ಕಂಡಿತೇ?' ಮೊದಲು ಬಂದ ಉತ್ತರ ಗಡಿಬಿಡಿಯದು: 'ಕಾಗೆ ಗೂಡು. ಮೊಟ್ಟೆ ನಾಲ್ಕು. ನಾನಂತೂ ಮುಟ್ಟಲ್ಲ, ಹೋದ ಸಲ ಕಾಗೆ ತಲೆಗೇ ಕುಕ್ಕಿತ್ತು.'

ಉದ್ದಣ್ಣ ಹೆಲ್ಮೆಟ್ ಹುಡುಕಿಕೊಂಡು ಎದ್ದ.