ಎಲ್ಲಕ್ಕಿಂತ ಒಳಗೆ ಇಟ್ಟದ್ದು

ಮನೆಗೆ ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹಾಗೆ ಮೂರು ಸಲ ಜಗ್ಗಿ, ಓಣಿಯ ತಿರುವಿನವರೆಗೆ ನಡೆದು, ಅಲ್ಲಿಂದ ಹಿಂದಿರುಗಿ ಬಂದು ಇನ್ನೊಮ್ಮೆ ಜಗ್ಗುವವನು ಹುಮನಾಬಾದಿನ ನಮ್ಮ ಓಣಿಯಲ್ಲಿ ನಾನೊಬ್ಬನೇ ಎಂದು ತೋರುತ್ತದೆ. ನನ್ನದು, ಹೆಂಡತಿಯದು ಬಿಟ್ಟು ಬೀಗಕ್ಕಿದ್ದ ಇನ್ನೊಂದು ಕೀಲಿಯನ್ನು ನಾನು ಚಿಕ್ಕದೊಂದು ಡಬ್ಬಿಯಲ್ಲಿ, ಆ ಡಬ್ಬಿಯನ್ನು ಬಿಸ್ಕತ್ತಿನ ತಗಡಿನ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆಯನ್ನು ಕಪಾಟಿನ ಒಳಖಾನೆಯಲ್ಲಿ ಇಟ್ಟಿದ್ದೆ. ಎದುರುಮನೆಯವರಿಗೆ ಕೊಟ್ಟಿರಬಾರದೇ ಎಂದು ಹೆಂಡತಿ ಕೇಳಿದಾಗಲೆಲ್ಲ, ನಮ್ಮ ಮನೆಗೆ ಬರುವ ದಿನಪತ್ರಿಕೆಯ ಮಡಿಕೆ ನಮ್ಮ ಕೈಗೆ ಬರುವ ಮೊದಲೇ ಸಡಿಲವಾಗಿರುವುದನ್ನು ನಾನು ಗಂಭೀರವಾಗಿ ಅವಳ ಗಮನಕ್ಕೆ ತರುತ್ತಿದ್ದೆ.

ಇಂಥ ಸ್ವಭಾವದವನಿಗೆ ವಿಧಿ ಅಧ್ಯಾಪಕನ ವೃತ್ತಿಯನ್ನು ದಯಪಾಲಿಸಿತು ನೋಡಿ, ಅದು ಉರಿಯುವ ಒಲೆಗೆ ಇನ್ನಷ್ಟು ಕಟ್ಟಿಗೆ ಒಟ್ಟಿದಂತಾಯಿತು. ದಿನವೂ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಹೋಗಿ ಅಲ್ಲಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನಾನು, ವಿದ್ಯಾರ್ಥಿಗಳ ಸಬೂಬುಗಳಲ್ಲಿ ಪರಿಣತನಾಗಿಬಿಟ್ಟಿದ್ದೇನೆ. ಹಿಂದೆ ಜ್ವರ ಬರುತ್ತಿತ್ತು, ಬಸ್ಸು ತಪ್ಪುತ್ತಿತ್ತು, ಅಜ್ಜಿಯಂದಿರು ತೀರಿಕೊಳ್ಳುತ್ತಿದ್ದರು. ಕೆಲವರಿಗಂತೂ ಒಬ್ಬಳೇ ಅಜ್ಜಿ ವರ್ಷಕ್ಕೆರಡು ಸಲ. ಈಗ ಅಜ್ಜಿಯರು ದೀರ್ಘಾಯುಗಳಾಗಿದ್ದಾರೆ, ಫೈಲುಗಳು ಅಕಾಲ ಮರಣಕ್ಕೆ ತುತ್ತಾಗುತ್ತಿವೆ. ಆದ್ದರಿಂದ ಆಂತರಿಕ ಅಂಕಗಳನ್ನು ತುಂಬುವ ಕಡೆಯ ದಿನ ಮಧ್ಯಾಹ್ನ, ಕೊಡಂಬಲದ ಅಂಬಿಕಾ ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಂದು ನಿಂತಾಗ, ಅವಳು ಬಾಯಿ ತೆರೆಯುವ ಮೊದಲೇ ನಾನು ಹುಬ್ಬು ಏರಿಸಿ ಕುಳಿತಿದ್ದೆ.

“ಸರ್, ನನ್ನ ಪ್ರಾಜೆಕ್ಟ್ ಕಾಣವಲ್ದರಿ. ನಿನ್ನಿತನಾ ಇದರಾಗs ಇತ್ತು. ಖರೇನs ಹೇಳಾಕತ್ತೇನ್ರಿ.”

ಖರೆ ಹೇಳುವವರು ಖರೆ ಹೇಳುತ್ತಿದ್ದೇನೆಂದು ಹೇಳುವುದಿಲ್ಲವೆಂಬುದು ನನ್ನ ಹಳೆಯ ಸಿದ್ಧಾಂತ. ಅವಳದು ಕುರಿ ಸಾಕುವ ಮನೆ. ಕುರಿಗಳ ಬಣ್ಣ, ಕಿವಿ, ಕೊಂಬು, ನಡಿಗೆಗಳನ್ನು ಗುರುತಿಸಲು ಮನೆಯವರು ಬಳಸುವ ಮಾತುಗಳನ್ನು ಸಂಗ್ರಹಿಸಿ ಬರೆಯುತ್ತೇನೆಂದು ಅವಳೇ ವಿಷಯ ಆರಿಸಿಕೊಂಡಿದ್ದಳು. ಸಂಜೆ ಐದಕ್ಕೆ ವಿಶ್ವವಿದ್ಯಾಲಯದ ಜಾಲತಾಣದ ಬಾಗಿಲು ಮುಚ್ಚುತ್ತಿತ್ತು. ಅಷ್ಟರೊಳಗೆ ಫೈಲು ಲಗತ್ತಿಸದಿದ್ದರೆ ಅಂಕದ ಖಾನೆ ತೆರೆಯುವುದೇ ಇಲ್ಲ, ಅಂಕವಿಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಗಾದರೆ ಏನಾಗುತ್ತದೆಂದು ಅವಳೇ ಹೇಳಿದಳು: “ನನ್ನ ಪಾಳಿ ಕುರಿ ನಮ್ಮ ವೈನಿ ಕಾಯಾಕತ್ತಾಳ್ರಿ, ಈ ವರ್ಷ ಮುಗಿಯೂತನಾ ಅಂತ. ಒಂದು ಸಲಾ ಪರೀಕ್ಷಾ ತಪ್ಪಿ ಕುಂತೆ ಅಂದ್ರ, ಮತ್ತ ಯಾವ ಬಾಯಿಲೆ ಕೇಳ್ಲಿರಿ?” ಅಣ್ಣನ ಹೆಂಡತಿಯ ಆ ಉಪಕಾರ ಎರಡನೆಯ ವರ್ಷಕ್ಕೆ ವಿಸ್ತರಿಸುವಂಥದಲ್ಲವೆಂದು ಅವಳ ದನಿಯೇ ಹೇಳುತ್ತಿತ್ತು. ನನಗೆ ಕರುಣೆಯೂ ಬಂತು, ಕರುಣೆ ಬರಿಸಲೆಂದೇ ಹೇಳಿದಳೇನೋ ಎಂಬ ಗುಮಾನಿಯೂ ಬಂತು.

ಬರೆದೇ ಇಲ್ಲ ಎಂಬುದು ನನ್ನ ಮೊದಲ ಸಂಶಯ. ಅದನ್ನು ನಿವಾರಿಸಲು ಅವಳು ಬರೆಯುವ ತಂತ್ರಾಂಶವನ್ನು ತೆರೆದು ಇತ್ತೀಚಿನ ಕಡತಗಳ ಪಟ್ಟಿ ತೋರಿಸಿದಳು. ಹೆಸರೇನೋ ಅಲ್ಲಿತ್ತು, ಒತ್ತಿದರೆ, ಫೈಲು ಸಿಗುತ್ತಿಲ್ಲ, ಅದನ್ನು ಬೇರೆಡೆಗೆ ಸರಿಸಲಾಗಿದೆಯೇ, ಹೆಸರು ಬದಲಿಸಲಾಗಿದೆಯೇ, ಅಥವಾ ಅಳಿಸಲಾಗಿದೆಯೇ ಎಂದು ಯಂತ್ರವೇ ನಮ್ಮನ್ನು ಕೇಳಿತು. ಎಂಥ ಆತ್ಮೀಯ ಪ್ರಶ್ನೆ! ಇಷ್ಟು ವರ್ಷಗಳಲ್ಲಿ ನನ್ನಂತೆಯೇ ಯೋಚಿಸುವ ಒಂದು ಜೀವವನ್ನು ನಾನು ಕಂಡದ್ದು ಅಂದೇ, ಅದೂ ನಿರ್ಜೀವವಾಗಿತ್ತು. ಕಸದಬುಟ್ಟಿ ತೆರೆದು ನೋಡಿದೆವು, ಖಾಲಿ. ಖಾಲಿ ಕಸದಬುಟ್ಟಿ ತುಂಬಿದ ಕಸದಬುಟ್ಟಿಗಿಂತ ಹೆಚ್ಚು ಸಂಶಯಾಸ್ಪದವೆಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ವಿಚಾರಣೆ ಮುಂದುವರಿದಂತೆ ಲ್ಯಾಪ್‌ಟಾಪ್ ಅವಳದಲ್ಲ, ಹಾಸ್ಟೆಲಿನ ಕೋಣೆಯ ಗೆಳತಿ ಶಿಲ್ಪಾಳದು ಎಂಬ ಸಂಗತಿ ಹೊರಬಿತ್ತು. ಕಬ್ಬಿನ ಸೀಮೆಯ ಹಳ್ಳಿಖೇಡದ ಶಿಲ್ಪಾ ಅದನ್ನು ಮೊನ್ನೆ ಊರಿಗೆ ಒಯ್ದು ತಂದಿದ್ದಳು. ನಿನ್ನೆ ಅಂಬಿಕಾ ಅದರಲ್ಲಿ ಬರೆದು ಮುಗಿಸಿದ್ದಳು. ಇಂದು ಬೆಳಿಗ್ಗೆ ಶಿಲ್ಪಾ ಲ್ಯಾಪ್‌ಟಾಪನ್ನು ಮಂಚದ ಮೇಲಿಟ್ಟು ಮತ್ತೆ ಊರಿಗೆ ಹೊರಟಿದ್ದಳು. ಅವಳ ಫೋನು ಹತ್ತುತ್ತಿರಲಿಲ್ಲ. ಅವಳ ಪ್ರಾಜೆಕ್ಟ್ ಮಾತ್ರ ವಾರದ ಹಿಂದೆಯೇ ನನ್ನ ಕೈಸೇರಿತ್ತು, ಅದೂ ಹಳ್ಳಿಯ ಕಸುಬಿನ ಪದಗಳ ಕುರಿತದ್ದೇ. ಗೆಳತಿಯ ಬರಹವನ್ನು ಕದ್ದು, ಸುಳಿವು ಸಿಗದಂತೆ ಮೂಲವನ್ನು ಅಳಿಸಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕಣ್ಮರೆಯಾದ ಹುಡುಗಿಯೊಬ್ಬಳ ಚಿತ್ರ ನನ್ನ ಕಣ್ಣ ಮುಂದೆ ಪೂರ್ಣಗೊಂಡಿತು. ಅವಳು ಬರೆದದ್ದು ಕಬ್ಬು ಕಡಿಯುವವರ ಮಾತುಗಳ ಬಗ್ಗೆ ಎಂಬುದನ್ನು ನೋಡಲು ನಾನು ಇನ್ನೂ ಎರಡನೆಯ ಪುಟ ತಿರುವಿರಲಿಲ್ಲ.

ಫೈಲು ಎಲ್ಲಿಟ್ಟಿದ್ದೆ ಎಂದು ಕೇಳಿದರೆ ಅಂಬಿಕಾ ಹೇಳಿದ ವಿಧಾನ ನನ್ನನ್ನು ದಂಗುಬಡಿಸಿತು. ಡೆಸ್ಕ್‌ಟಾಪಿನ ಮೇಲೆ ‘ಕುರಿ’ ಎಂಬ ಫೋಲ್ಡರ್ ಮಾಡಿದ್ದಳು. ಪ್ರತಿದಿನ ಬರೆಯಲು ಕುಳಿತಾಗ ಹಿಂದಿನ ದಿನದ ಫೋಲ್ಡರಿನ ಒಳಗೆ ಇನ್ನೊಂದು ಫೋಲ್ಡರ್ ಮಾಡಿ, ಅಂದಿನ ಕೆಲಸವನ್ನು ಅದರಲ್ಲಿ ಹೊಸದಾಗಿ ಉಳಿಸುತ್ತಿದ್ದಳು. ಒಂದಕ್ಕೂ ಚಿಕ್ಕ ಹೆಸರಿಲ್ಲ. ‘ಕಿವಿಯ ಗುರುತಿನ ಮಾತುಗಳು ವೈನಿ ಹೇಳಿದ್ದು’ ಎಂಬಂಥ ಸುದೀರ್ಘ ನಾಮಧೇಯಗಳು. ಪಕ್ಕಪಕ್ಕದಲ್ಲಿ ಇಡಬಾರದಿತ್ತೇ ಎಂದರೆ ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

“ಹಂಗ್ಯಾಂಗ್ ಇಡಾಕ್ ಬರ್ತದ್ರಿ? ಹೊರಗ ಮುಳ್ಳಬೇಲಿ, ಅದರಾಗ ಹಗ್ಗದ ಬಲಿ, ಬಲ್ಯಾಗ ದೊಡ್ಡ ಕುರಿ, ಎಲ್ಲಾದ್ರಕಿಂತ ಒಳಗ ಮರಿ. ಹೊಸಾದು ಅಂದ್ರ ಮರಿನs ಅಲ್ರಿ? ತೋಳ ಬಂದ್ರೂ ಸಿಗಬಾರ್ದು.”

ತೋಳ ಯಾರೆಂದು ನಾನು ಕೇಳಲಿಲ್ಲ. ನಮ್ಮ ಕಪಾಟಿನ ಒಳಖಾನೆಯ ಪೆಟ್ಟಿಗೆಯ ಒಳಗಿನ ಡಬ್ಬಿ ಯಾಕೋ ನೆನಪಿಗೆ ಬಂತು.

ಆದರೆ ಡೆಸ್ಕ್‌ಟಾಪಿನಲ್ಲಿ ‘ಕುರಿ’ಯೇ ಇರಲಿಲ್ಲ. ಹುಡುಕುವ ಖಾನೆಯಲ್ಲಿ ಹೆಸರು ಬರೆದು ಹುಡುಕಿದಳು, ಏನೂ ಇಲ್ಲವೆಂದಿತು. ಪರದೆಯ ಮೇಲಿನ ಸಣ್ಣ ಅಕ್ಷರಗಳನ್ನೂ ಬಿಡದೆ ಓದುವ ದುರಭ್ಯಾಸ ನನಗಿರುವುದರಿಂದ, ಆ ಖಾನೆಯಲ್ಲಿ ಮಸುಕಾಗಿ ‘ಡೆಸ್ಕ್‌ಟಾಪಿನಲ್ಲಿ ಹುಡುಕಿ’ ಎಂದಿದ್ದುದು ಕಣ್ಣಿಗೆ ಬಿತ್ತು. ನಾವು ಯಾವ ಫೋಲ್ಡರಿನಲ್ಲಿ ನಿಂತಿರುತ್ತೇವೋ ಅದರ ಒಳಗನ್ನು ಮಾತ್ರ ಅದು ಹುಡುಕುತ್ತದೆ; ಪಕ್ಕದ ಕೋಣೆಗೆ ಇಣುಕುವುದಿಲ್ಲ. ಇಡೀ ಕಂಪ್ಯೂಟರಿನಲ್ಲಿ ಹುಡುಕಲು ಹೇಳಿ, ಹಸಿರು ಪಟ್ಟಿ ಆಮೆಯಂತೆ ತೆವಳುವುದನ್ನು ನೋಡುತ್ತ ಕುಳಿತಿರುವಾಗ ಶಿಲ್ಪಾಳ ಫೋನು ಬಂತು. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಅಂಗಡಿಯಲ್ಲಿ ಚಾರ್ಜಿಗೆ ಹಾಕಿದ್ದಳಂತೆ. ಫೌಜದಾರನ ಗತ್ತಿನಲ್ಲಿ ನಾನೇ ಮಾತಾಡಿದೆ. ಹುಡುಗಿ ತಬ್ಬಿಬ್ಬಾದಳು.

“ಅಳಿಸಿಲ್ರಿ ಸರ್! ಡೆಸ್ಕ್‌ಟಾಪ್ ಮ್ಯಾಲ ಇದ್ರ ಕೈ ತಪ್ಪಿ ಹೋಗ್ತದ ಅಂತ, ಮುಂಜಾನಿ ಹೊಂಡೂ ಮುಂದ, ಡಾಕ್ಯುಮೆಂಟ್ಸ್‌ನ್ಯಾಗ ನನ್ನ ಫೋಲ್ಡರ್ ಅದ ನೋಡ್ರಿ, ಅದರಾಗ ಹಾಕೀನಿ. ಅಕಿ ಹೆಸರ್ಲೆ ಬ್ಯಾರೇ ಫೋಲ್ಡರs ಮಾಡೀನ್ರಿ. ಅಕಿ ಮಕ್ಕೊಂಡಿದ್ಲು, ಎಬ್ಬಿಸ್ಲಿಲ್ಲ. ಹೇಳೂದು ಮರ್ತೆ.”

ಹುಡುಕಿದರೆ ಅಲ್ಲಿತ್ತು: ‘ಅಂಬಿಕಾ ಬರೆದದ್ದು ಬಹಳ ಮುಖ್ಯವಾದದ್ದು ಯಾರೂ ಮುಟ್ಟಬಾರದು ಮತ್ತು ಅಳಿಸಬಾರದು’ ಎಂಬ ಫೋಲ್ಡರ್. ನನ್ನ ಚಿತ್ರದ ಕಳ್ಳಿ ಕಾವಲಿಗೆ ನಿಂತವಳಾಗಿದ್ದಳು. ನನಗೆ ನಾಚಿಕೆಯಾಯಿತು.

ಒಂದೊಂದಾಗಿ ತೆರೆಯುತ್ತ ಒಳಗೆ ಇಳಿದೆವು. ಮೊದಲ ಫೋಲ್ಡರಿನ ಕರಡಿನಲ್ಲಿ ಅರ್ಧ ಪುಟ, ಅದೂ ತಪ್ಪುಗಳೊಂದಿಗೆ. ಮುಂದಿನದರಲ್ಲಿ ತಪ್ಪುಗಳು ತಿದ್ದಿಕೊಂಡು, ಕಿವಿಯ ಮಾತುಗಳು ಬಂದು ಸೇರಿದ್ದವು. ಅದರೊಳಗಿನದರಲ್ಲಿ ವೈನಿಯ ಹಾಸ್ಯ, ಮುಂದೆ ಕೊಂಬುಗಳು, ಮುಂದೆ ಕುಂಟುವ ಕುರಿಗೆ ಪ್ರೀತಿಯಿಂದ ಇಡುವ ಹೆಸರುಗಳು. ಕೊಂಡು ತಂದ ಪ್ರಾಜೆಕ್ಟಿಗೆ ಬಾಲ್ಯವಿರುವುದಿಲ್ಲ. ಇದಕ್ಕೆ ಅಂಬೆಗಾಲಿನಿಂದ ಮೊದಲಾಗಿ ಎಲ್ಲವೂ ಇತ್ತು, ಮತ್ತು ನಾನು ಅಲ್ಲಿಯವರೆಗೆ ಮನಸ್ಸಿನಲ್ಲೇ ಹೊಸೆದಿಟ್ಟ ಆರೋಪಗಳೆಲ್ಲ ಒಂದೊಂದು ಮೆಟ್ಟಿಲಿಗೂ ಕಳಚುತ್ತ ಹೋದವು.

ಕಟ್ಟಕಡೆಯ ಫೋಲ್ಡರಿನಲ್ಲಿ ಮುಗಿಸಿದ ಪ್ರತಿ ಕಾಣುತ್ತಿತ್ತು, ತೆರೆಯುತ್ತಿರಲಿಲ್ಲ! ಎಷ್ಟು ಸಲ ಒತ್ತಿದರೂ ಫೈಲು ಸಿಗುತ್ತಿಲ್ಲವೆಂಬ ಅದೇ ಮಾತು. ಕಣ್ಣೆದುರಿಗಿರುವುದನ್ನು ಇಲ್ಲವೆನ್ನುವ ಯಂತ್ರದ ಮೇಲೆಯೇ ನನಗೀಗ ಸಂಶಯ ಹುಟ್ಟಿತು. ಅಂಬಿಕಾ ಅದನ್ನು ಎಳೆದು ಡೆಸ್ಕ್‌ಟಾಪಿಗೆ ತರಲು ಹೋದಾಗ ಬೇರೊಂದು ಸೂಚನೆ ಬಂತು. ಮೂಲದ ದಾರಿ ಬಹಳ ಉದ್ದವಾಗಿದೆ, ಹೆಸರುಗಳನ್ನು ಚಿಕ್ಕದಾಗಿಸಿ ನೋಡಿ ಎಂದಿತ್ತು. ಅವಳು ಗಾಬರಿಯಲ್ಲಿ ಅದನ್ನು ಮುಚ್ಚಲಿದ್ದಳು. ನಾನು ಎರಡು ಸಲ ಓದಿಸಿದೆ. ಫೈಲಿನ ವಿಳಾಸವೆಂದರೆ ಅದರ ಹೆಸರಷ್ಟೇ ಅಲ್ಲ, ಹೊರಗಿನ ಫೋಲ್ಡರಿನಿಂದ ಹಿಡಿದು ಎಲ್ಲ ಹೆಸರುಗಳನ್ನೂ ಪೋಣಿಸಿದ ಮಾಲೆ. ಆ ಮಾಲೆ ಸುಮಾರು ಇನ್ನೂರ ಅರವತ್ತು ಅಕ್ಷರ ಮೀರಿದರೆ ಬಹುತೇಕ ತಂತ್ರಾಂಶಗಳು ಕೈಚೆಲ್ಲುತ್ತವೆ. ಅದರಲ್ಲೂ ನಮ್ಮ ಕನ್ನಡದ ಕಾಗುಣಿತ, ಒತ್ತುಗಳನ್ನೆಲ್ಲ ಯಂತ್ರ ಬಿಡಿಬಿಡಿಯಾಗಿ ಎಣಿಸುತ್ತದೆ. ‘ಕ್ಷ’ ನಮಗೆ ಒಂದು, ಅದಕ್ಕೆ ಮೂರು. ಡೆಸ್ಕ್‌ಟಾಪಿನಲ್ಲಿದ್ದಾಗ ಅಂಬಿಕಾಳ ಮಾಲೆ ಹೇಗೋ ಮಿತಿಯೊಳಗೇ ಇತ್ತು. ಶಿಲ್ಪಾ ಇಡೀ ಗಂಟನ್ನು ಎತ್ತಿ ಇನ್ನೊಂದರೊಳಗೆ ಇಟ್ಟಾಗ ಯಂತ್ರ ಹೊರಗಿನ ಹೆಸರನ್ನಷ್ಟೇ ನೋಡಿ ಸುಮ್ಮನಿತ್ತು. ಯಾರೂ ಮುಟ್ಟಬಾರದು ಎಂಬ ಆ ಪ್ರೀತಿಯ ವಾಕ್ಯವೇ ಮಾಲೆಗೆ ಸೇರಿ, ಬರೆದವಳೂ ಮುಟ್ಟದಂತಾಗಿತ್ತು.

ಉಪಾಯ ತಿಳಿದ ಮೇಲೆ ಕೆಲಸ ಸುಲಭ. ಒಳಗಿನದನ್ನು ಬಿಟ್ಟು ಹೊರಗೆ ಬಂದು, ಹೊರಗಿನ ಫೋಲ್ಡರಿಗೆ ‘ಅ’ ಎಂದು ಹೆಸರಿಟ್ಟೆವು, ಅದರೊಳಗಿನದಕ್ಕೆ ‘ಆ’, ಅದರೊಳಗಿನದಕ್ಕೆ ‘ಇ’. ಅಕ್ಷರಮಾಲೆ ಅಲ್ಲಿಗೇ ಸಾಕಾಯಿತು, ಫೈಲು ತೆರೆದುಕೊಂಡಿತು. ಅಂಬಿಕಾ ಅತ್ತಳು. ನಾನು ಕಿಟಕಿಯ ಕಡೆ ನೋಡಿದೆ. ಅದನ್ನು ಪಿಡಿಎಫ್ ಮಾಡಿ, ನನ್ನ ಪೆನ್‌ಡ್ರೈವಿನಲ್ಲಿ ಆಫೀಸಿನ ಕಂಪ್ಯೂಟರಿಗೆ ಒಯ್ದು ಲಗತ್ತಿಸಿ ಅಂಕ ತುಂಬಿದಾಗ ಐದಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಪೆನ್‌ಡ್ರೈವ್ ಅವಳ ಕೈಗೇ ಕೊಟ್ಟು, ಈ ಫೈಲಿನದೊಂದು ಪ್ರತಿ ಶಿಲ್ಪಾಳಿಗೂ ಕಳಿಸಿಡು ಎಂದು ಹೇಳಿ ಬಸ್ಸಿಗೆ ಓಡಿದೆ.

ಹುಮನಾಬಾದ್ ತಲುಪಿ, ಮನೆಯ ಮುಂದೆ ನಿಂತು ಕಿಸೆಗೆ ಕೈ ಹಾಕಿದಾಗಲೇ ತಿಳಿದದ್ದು, ಆ ಪೆನ್‌ಡ್ರೈವ್ ಇದ್ದದ್ದು ಮನೆಯ ಕೀಲಿಯ ಗೊಂಚಲಿನಲ್ಲಿ ಎಂದು. ಹೆಂಡತಿ ತನ್ನ ಕೀಲಿಯೊಂದಿಗೆ ತಂಗಿಯ ಮನೆಗೆ ಹೋದವಳು ರಾತ್ರಿಯ ಬಸ್ಸಿಗೇ ಬರುವವಳು. ಇನ್ನೊಂದು ಕೀಲಿ ಡಬ್ಬಿಯಲ್ಲಿ, ಪೆಟ್ಟಿಗೆಯಲ್ಲಿ, ಕಪಾಟಿನಲ್ಲಿ, ಬೀಗ ಹಾಕಿದ ಮನೆಯಲ್ಲಿ ಅತ್ಯಂತ ಸುರಕ್ಷಿತವಾಗಿತ್ತು. ಆ ಬೀಗವನ್ನು ಒಮ್ಮೆ ಜಗ್ಗಿ ನೋಡಿದೆ. ಗಟ್ಟಿಯಾಗಿತ್ತು.

ಎದುರುಮನೆಯವರು ಕರೆದು ಚಹಾ ಕೊಟ್ಟರು, ಹೊತ್ತು ಹೋಗಲೆಂದು ದಿನಪತ್ರಿಕೆಯನ್ನೂ ಕೊಟ್ಟರು. ಅದು ಅವರದೇ ಪತ್ರಿಕೆ, ಮಡಿಕೆ ನಮ್ಮದರಂತೆಯೇ ಸಡಿಲ. ಹಂಚುವವನೇ ಹಾಗೆ ಮಡಚುತ್ತಾನಂತೆ. ನಾಳೆಯೇ ಇವರಿಗೊಂದು ಕೀಲಿ ಕೊಟ್ಟುಬಿಡಬೇಕೆಂದು ನಿಶ್ಚಯಿಸುತ್ತಿರುವಾಗ ಅಂಬಿಕಾಳ ಫೋನು ಬಂತು.

“ಸರ್, ನಿಮ್ಮ ಕೀಲಿ ನನ್ ಹಂತ್ಯಾಕs ಉಳೀತ್ರಿ. ಫಿಕರ್ ಮಾಡಬ್ಯಾಡ್ರಿ, ಎಲ್ಲಾದ್ರಕಿಂತ ಒಳಗ ಇಟ್ಟೀನಿ.”